ಜುಲೈ 2025ರ ಸೇವಾಮಟ್ಟ ವರದಿಗಳ ಸಾರಾಂಶ: ಲಭ್ಯತೆ, ಸ್ಪಂದನೆಯ ಅವಧಿ ಮತ್ತು ವಸೂಲಾಗಬೇಕಾದ ದಂಡ

ಇವರಿಗೆ: ಐ.ಟಿ. ಗುತ್ತಿಗೆ ವ್ಯವಸ್ಥಾಪಕರು, ಪ್ರಧಾನ ಕಚೇರಿ, ಶಿರಸಿ
ಇವರಿಂದ: ಗಣಕ ವಿಭಾಗ, ಪ್ರಧಾನ ಕಚೇರಿ, ಶಿರಸಿ
ದಿನಾಂಕ: 7 ಆಗಸ್ಟ್ 2025

ಮಾನ್ಯರೇ,

ನಮ್ಮ ಸಹಕಾರಿ ಸಂಘದ ತಂತ್ರಾಂಶ, ಶಾಖೆಗಳ ನೆಟ್‌ವರ್ಕ್ ಮತ್ತು ಹೆಲ್ಪ್‌ಡೆಸ್ಕ್ ಸೇವೆಗಳ ಬಗ್ಗೆ ಸೇವಾದಾರರು ಆಗಸ್ಟ್ 4ರಂದು ಸಲ್ಲಿಸಿದ ಮೂರು ಮಾಸಿಕ ವರದಿಗಳನ್ನು ನಮ್ಮ ನಿಗಾ ತಂತ್ರಾಂಶದ ದಾಖಲೆ, ಟಿಕೆಟ್‌ಗಳ ಪಟ್ಟಿ ಹಾಗೂ ಶಾಖೆಗಳ ಕರೆ ಪುಸ್ತಕದೊಂದಿಗೆ ಹೋಲಿಸಿ ಈ ಸಾರಾಂಶವನ್ನು ಸಿದ್ಧಪಡಿಸಲಾಗಿದೆ. ಜುಲೈ ತಿಂಗಳಿಗೆ ವಸೂಲಾಗಬೇಕಾದ ದಂಡ ₹19,900. ಸೇವಾದಾರರು ತಮ್ಮ ವರದಿಯಲ್ಲಿ ಒಪ್ಪಿಕೊಂಡಿರುವುದು ₹1,500 ಮಾತ್ರ. ಉಳಿದ ₹18,400ರ ವ್ಯತ್ಯಾಸಕ್ಕೆ ಲೆಕ್ಕದ ತಪ್ಪು ಕಾರಣವಲ್ಲ. ಯಾವ ನಿಮಿಷಗಳನ್ನು ಎಣಿಕೆಗೆ ತೆಗೆದುಕೊಳ್ಳಬೇಕು, ಗಡಿಯಾರವನ್ನು ಎಲ್ಲಿಂದ ಓಡಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಅವರು ಕರಾರಿನಲ್ಲಿಲ್ಲದ ಉತ್ತರ ಕೊಟ್ಟುಕೊಂಡಿರುವುದೇ ಇದಕ್ಕೆ ಕಾರಣ.

ಮುಖ್ಯ ತಂತ್ರಾಂಶದ ಲಭ್ಯತೆ

ಈ ಸೇವೆಯನ್ನು ದಿನದ 24 ಗಂಟೆಯೂ ಅಳೆಯಲಾಗುತ್ತದೆ ಮತ್ತು ಕರಾರಿನ ಗುರಿ 99.90 ಪ್ರತಿಶತ. ಜುಲೈ ತಿಂಗಳ 44,640 ನಿಮಿಷಗಳಲ್ಲಿ, 13ರ ಭಾನುವಾರ ನಸುಕಿನ 1:00ರಿಂದ 4:10ರವರೆಗೆ ನಡೆದ 190 ನಿಮಿಷಗಳ ಪೂರ್ವನಿಗದಿತ ನಿರ್ವಹಣೆಯನ್ನು ಕಳೆಯಬಹುದು. ಅದಕ್ಕೆ ಜುಲೈ 9ರಂದೇ ಸೂಚನೆ ಬಂದಿತ್ತು ಮತ್ತು ತಿಂಗಳಿಗೆ 240 ನಿಮಿಷಗಳ ಮಿತಿಯೊಳಗೇ ಕೆಲಸ ಮುಗಿದಿದೆ. ಉಳಿದ 44,450 ನಿಮಿಷಗಳಲ್ಲಿ ಎರಡು ಅಡಚಣೆಗಳು ದಾಖಲಾಗಿವೆ: ಜುಲೈ 8ರಂದು 22 ನಿಮಿಷ, ಜುಲೈ 22ರಂದು 78 ನಿಮಿಷ.

ಮೊದಲನೆಯದರ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಎರಡನೆಯದನ್ನು ಸೇವಾದಾರರು ‘ತುರ್ತು ನಿರ್ವಹಣೆ’ ಎಂದು ಕರೆದು ಎಣಿಕೆಯಿಂದ ಹೊರಗಿಟ್ಟು, ಲಭ್ಯತೆಯನ್ನು 99.95 ಎಂದು ತೋರಿಸಿದ್ದಾರೆ. ಅಂದು ಬೆಳಿಗ್ಗೆ 11:40ರಿಂದ 12:58ರವರೆಗೆ, ಅಂದರೆ ಕೌಂಟರ್‌ಗಳಲ್ಲಿ ಸದಸ್ಯರು ಸಾಲುಗಟ್ಟಿ ನಿಂತಿರುವ ಹೊತ್ತಿನಲ್ಲಿ, ಡೇಟಾಬೇಸ್ ದುರಸ್ತಿಗಾಗಿ ತಂತ್ರಾಂಶವನ್ನು ನಿಲ್ಲಿಸಲಾಗಿತ್ತು. ಅದರ ಸೂಚನೆಯ ಇಮೇಲ್ ನಮಗೆ ತಲುಪಿದ್ದು 11:25ಕ್ಕೆ. ನಿರ್ವಹಣೆಯ ಅವಧಿಯನ್ನು ಕಳೆಯಬೇಕಾದರೆ 72 ಗಂಟೆ ಮೊದಲು ಲಿಖಿತ ಸೂಚನೆ ಕೊಟ್ಟಿರಬೇಕು ಎಂಬ ಷರತ್ತು ಸ್ಪಷ್ಟವಾಗಿದೆ, ಮತ್ತು ಕರಾರಿನ ಯಾವ ಪುಟದಲ್ಲೂ ‘ತುರ್ತು ನಿರ್ವಹಣೆ’ ಎಂಬ ವರ್ಗವೇ ಇಲ್ಲ. ದುರಸ್ತಿ ಅಗತ್ಯವಾಗಿತ್ತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಅಗತ್ಯ ಬಿದ್ದದ್ದೇ ಸೇವೆಯ ಲೋಪದಿಂದ.

ಆದ್ದರಿಂದ ಅಲಭ್ಯವಾದ ಅವಧಿ 100 ನಿಮಿಷ, ಲಭ್ಯತೆ 99.78 ಪ್ರತಿಶತ. ಕೊರತೆ 0.12. ಪ್ರತಿ 0.1 ಅಥವಾ ಅದರ ಭಾಗಕ್ಕೆ ಮಾಸಿಕ ಶುಲ್ಕದ 1 ಪ್ರತಿಶತದಂತೆ ಎರಡು ಹಂತಗಳಾಗುತ್ತವೆ. ₹2,40,000ದ ಮೇಲೆ ದಂಡ ₹4,800.

ಶಾಖೆಗಳ ನೆಟ್‌ವರ್ಕ್

ಇಲ್ಲಿ ವರದಿಯನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಒಂಬತ್ತು ಶಾಖೆಗಳ ಸರಾಸರಿ ಲಭ್ಯತೆ 99.60 ಎಂದೂ, ಗುರಿ 99.00 ಆಗಿರುವುದರಿಂದ ದಂಡವಿಲ್ಲವೆಂದೂ ಸೇವಾದಾರರು ಬರೆದಿದ್ದಾರೆ. ಅವರು ಕೈಬಿಟ್ಟ ನಿಮಿಷಗಳನ್ನು ಮರಳಿ ಸೇರಿಸಿದರೂ ಸರಾಸರಿ 99.01 ಬರುತ್ತದೆ, ಅಂದರೆ ಗುರಿಗಿಂತ ಕೂದಲೆಳೆಯಷ್ಟು ಮೇಲೆಯೇ ಇರುತ್ತದೆ. ಆದರೆ ಕರಾರು ಸರಾಸರಿಯ ಮಾತನ್ನೇ ಆಡುವುದಿಲ್ಲ. ಪ್ರತಿ ಶಾಖೆಗೆ ತಿಂಗಳಿಗೆ ₹14,000 ಪ್ರತ್ಯೇಕವಾಗಿ ನಿಗದಿಯಾಗಿದ್ದು, ಲಭ್ಯತೆಯನ್ನೂ ದಂಡವನ್ನೂ ಆಯಾ ಶಾಖೆಗೇ ಲೆಕ್ಕಹಾಕಬೇಕು. ಮುಂಡಗೋಡಿನಲ್ಲಿ ಲಿಂಕ್ ಚೆನ್ನಾಗಿತ್ತು ಎಂಬುದರಿಂದ ಅಂಕೋಲೆಯ ಕೌಂಟರ್‌ನಲ್ಲಿ ಕಾದು ನಿಂತವರ ಕೆಲಸವೇನೂ ಆಗುವುದಿಲ್ಲ.

ಅಳತೆಯ ಅವಧಿ ಕೆಲಸದ ದಿನಗಳ ಬೆಳಿಗ್ಗೆ 9ರಿಂದ ಸಂಜೆ 6. ಭಾನುವಾರಗಳು ಹಾಗೂ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನು ಬಿಟ್ಟು ಜುಲೈನಲ್ಲಿ 25 ದಿನಗಳು, ಅಂದರೆ ಶಾಖೆಗೆ 13,500 ನಿಮಿಷಗಳು. ಶಿರಸಿ, ಸಿದ್ದಾಪುರ, ಮುಂಡಗೋಡ, ಕಾರವಾರ, ಹೊನ್ನಾವರ ಮತ್ತು ಭಟ್ಕಳ ಶಾಖೆಗಳು ಗುರಿಯನ್ನು ತಲುಪಿವೆ. ಕುಮಟಾದಲ್ಲಿ 313 ನಿಮಿಷ ಲಿಂಕ್ ಇರಲಿಲ್ಲವಾದರೂ, ಅದರಲ್ಲಿ ಜುಲೈ 24ರ 195 ನಿಮಿಷ ಶಾಖೆಯೊಳಗೆ ಮಳೆನೀರು ನುಗ್ಗಿ ನಮ್ಮ ಶಾಖಾ ವ್ಯವಸ್ಥಾಪಕರೇ ಉಪಕರಣಗಳನ್ನು ಬಂದ್ ಮಾಡಿಸಿದ ಅವಧಿ. ಅದನ್ನು ಸೇವಾದಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದನ್ನು ಕಳೆದರೆ ಕುಮಟಾದ ಲಭ್ಯತೆ 99.11.

ಉಳಿದದ್ದು ಯಲ್ಲಾಪುರ ಮತ್ತು ಅಂಕೋಲಾ. ಎರಡೂ ಶಾಖೆಗಳ ಅಡಚಣೆಗಳನ್ನು ‘ಭಾರಿ ಮಳೆ’ ಎಂಬ ಒಂದೇ ಕಾರಣ ಕೊಟ್ಟು ನೈಸರ್ಗಿಕ ವಿಕೋಪದ ಷರತ್ತಿನಡಿ ಕೈಬಿಡಲಾಗಿದೆ. ಘಟ್ಟದ ಮೇಲೂ ಕರಾವಳಿಯಲ್ಲೂ ಜುಲೈನಲ್ಲಿ ಮಳೆ ಸುರಿಯುವುದು ವಿಕೋಪವಲ್ಲ, ವಾಡಿಕೆ. ಕರಾರಿಗೆ ಸಹಿ ಬೀಳುವ ಮೊದಲೇ ಈ ಮಾತು ಚರ್ಚೆಯಾಗಿ, ವಾಡಿಕೆಯ ಮುಂಗಾರು ಮಳೆ ವಿನಾಯಿತಿಗೆ ಕಾರಣವಾಗದು ಎಂಬ ಸಾಲು ಸೇರಿದೆ.

ಅಂಕೋಲೆಯ ದಾಖಲೆಯೇ ವರದಿಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಜುಲೈ 18ರಂದು 255 ನಿಮಿಷ, ಜುಲೈ 29ರಂದು 157 ನಿಮಿಷ, ಒಟ್ಟು 412 ನಿಮಿಷ ಅಲ್ಲಿ ಲಿಂಕ್ ಇರಲಿಲ್ಲ. ಮೊದಲ ಟಿಕೆಟ್ ಮುಚ್ಚುವಾಗ ಸ್ಥಳಕ್ಕೆ ಹೋಗಿದ್ದ ಎಂಜಿನಿಯರ್ ಬರೆದದ್ದು, ‘ಯುಪಿಎಸ್ ಬ್ಯಾಟರಿ ಪೂರ್ತಿ ಡೆಡ್, ತಾತ್ಕಾಲಿಕ ಬ್ಯಾಟರಿ ಹಾಕಿದೆ’ ಎಂದು. ಎರಡನೆಯದರಲ್ಲಿ, ‘ಹೊಸ ಬ್ಯಾಟರಿ ಬಂತು, ಬದಲಿಸಿದೆ’ ಎಂದು. ಕರೆಂಟು ಹೋದದ್ದು ಮಳೆಯಿಂದಲೇ ಇರಬಹುದು, ಆದರೆ ರೂಟರ್ ಯುಪಿಎಸ್‌ನ ಬ್ಯಾಟರಿಯನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸುವುದು ಸೇವಾದಾರರ ಹೊಣೆ, ಮತ್ತು ಏಪ್ರಿಲ್–ಜೂನ್ ತ್ರೈಮಾಸಿಕದ ಪರೀಕ್ಷಾ ಹಾಳೆಯಲ್ಲಿ ಅಂಕೋಲೆಯ ಸಾಲು ಖಾಲಿಯಾಗಿದೆ.

ಯಲ್ಲಾಪುರದ ವಿಷಯ ಇಷ್ಟು ಸರಳವಲ್ಲ. ಜುಲೈ 10ರಂದು ಮರ ಬಿದ್ದು ಕೇಬಲ್ ತುಂಡಾದದ್ದು ನಿಜ. ಸ್ಥಳ ಮತ್ತು ಸಮಯ ನಮೂದಾಗಿರುವ ಫೋಟೊಗಳನ್ನು ಅವರು ಮೂರು ದಿನಗಳ ಗಡುವಿನೊಳಗೇ ಕಳಿಸಿದ್ದಾರೆ. ಕೇಬಲ್ ಮಾತ್ರ ಇದ್ದಿದ್ದರೆ ಇದನ್ನು ನಾನು ವಿನಾಯಿತಿಗೇ ಶಿಫಾರಸು ಮಾಡುತ್ತಿದ್ದೆ. ಆದರೆ ಪ್ರತಿ ಶಾಖೆಗೂ 4ಜಿ ಬದಲಿ ಲಿಂಕ್ ಇದ್ದು, ಕೇಬಲ್ ಕಡಿದರೆ 10 ನಿಮಿಷಗಳೊಳಗೆ ಅದು ತಾನಾಗಿಯೇ ಚಾಲ್ತಿಗೆ ಬರಬೇಕು. ಅಂದು ಸಿಮ್‌ನ ಪ್ಲಾನ್ ನವೀಕರಣವಾಗದೆ ನಿಂತುಹೋಗಿತ್ತು. ಬಹುಶಃ ಸೇವಾದಾರರು ಹೆಚ್ಚು ವಾದ ಮಾಡುವುದು ಈ ಅಂಶದ ಮೇಲೆಯೇ. ಅವರಿಗೆ ಮೊದಲ 10 ನಿಮಿಷಗಳನ್ನು ಬಿಟ್ಟುಕೊಟ್ಟರೂ ದಂಡದ ಹಂತ ಬದಲಾಗುವುದಿಲ್ಲವಾದ್ದರಿಂದ, ಆ ರಿಯಾಯಿತಿಯನ್ನು ಮಾತುಕತೆಯ ವೇಳೆ ಧಾರಾಳವಾಗಿ ಕೊಡಬಹುದು.

ಯಲ್ಲಾಪುರದ ಲಭ್ಯತೆ (305 ನಿಮಿಷ ಅಲಭ್ಯ) 97.74, ಅಂಕೋಲೆಯದು 96.95. ಪ್ರತಿ 0.5 ಅಥವಾ ಅದರ ಭಾಗಕ್ಕೆ ಶಾಖಾ ಶುಲ್ಕದ 5 ಪ್ರತಿಶತದಂತೆ ಯಲ್ಲಾಪುರಕ್ಕೆ ಮೂರು ಹಂತ, ₹2,100. ಅಂಕೋಲೆಗೆ ಐದು ಹಂತ, ₹3,500. ಅಂಕೋಲೆಯ ಐದನೆಯ ಹಂತ ಕೇವಲ 0.05ರ ಮೇಲೆ ನಿಂತಿದೆ ಎಂಬುದು ತಮ್ಮ ಗಮನದಲ್ಲಿರಲಿ. ಈ ಭಾಗದ ದಂಡ ₹5,600.

ಅಡಚಣೆಗಳಿಗೆ ಸ್ಪಂದನೆ

ಒಟ್ಟು 142 ಟಿಕೆಟ್‌ಗಳಲ್ಲಿ ಮೊದಲ ಶ್ರೇಣಿಯವು 5, ಎರಡನೆಯದು 31, ಮೂರನೆಯದು 106. ಸೇವಾದಾರರು ಮೊದಲ ಶ್ರೇಣಿಯಲ್ಲಿ ನಾಲ್ಕನ್ನೇ ತೋರಿಸಿದ್ದಾರೆ, ಏಕೆಂದರೆ ಜುಲೈ 22ರದ್ದು ಅವರ ಪಾಲಿಗೆ ನಿರ್ವಹಣೆ. ಆ ನಾಲ್ಕರ ಸ್ಪಂದನೆಯ ಸರಾಸರಿ ಸುಮಾರು 9 ನಿಮಿಷ ಎಂದಿದೆ. ಅವರು ಸಮಯವನ್ನು ಟಿಕೆಟ್ ನೋಂದಣಿಯಾದ ಕ್ಷಣದಿಂದ ಎಣಿಸುತ್ತಾರೆ. ಕರಾರಿನಲ್ಲಿರುವುದು ಶಾಖೆಯ ಮೊದಲ ಕರೆ ಅಥವಾ ನಿಗಾ ತಂತ್ರಾಂಶದ ಎಚ್ಚರಿಕೆ, ಯಾವುದು ಮೊದಲೋ ಅದರಿಂದ. ಹಾಗೆ ಎಣಿಸಿದಾಗ ಚಿತ್ರ ಹೀಗಿದೆ:

| ದಿನ, ಸ್ಥಳ | ಮೊದಲ ಕರೆ/ಎಚ್ಚರಿಕೆ | ಟಿಕೆಟ್ | ಸ್ಪಂದನೆ | ನಿಮಿಷ (ಮಿತಿ 15) | ಸರಿಪಡಿಸಲು ನಿಮಿಷ (ಮಿತಿ 240) |
|---|---|---|---|---|---|
| 8, ಮುಖ್ಯ ತಂತ್ರಾಂಶ | 10:14 | 10:15 | 10:21 | 7 | 20 |
| 10, ಯಲ್ಲಾಪುರ | 9:44 | 10:17 | 10:26 | 42 | 301 |
| 18, ಅಂಕೋಲಾ | 10:08 | 10:31 | 10:43 | 35 | 252 |
| 22, ಮುಖ್ಯ ತಂತ್ರಾಂಶ | 11:41 | 11:41 | 11:43 | 2 | 77 |
| 29, ಅಂಕೋಲಾ | 12:11 | 12:14 | 12:22 | 11 | 156 |

ಯಲ್ಲಾಪುರದ ಕರೆ ಬಂದ ಮೇಲೆ ಟಿಕೆಟ್ ಹುಟ್ಟಲು 33 ನಿಮಿಷ ಹಿಡಿದಿದೆ. ಕರೆ ಪುಸ್ತಕದ ಪ್ರಕಾರ ಆ ಅವಧಿಯಲ್ಲಿ ಶಾಖೆಯ ಗುಮಾಸ್ತರು ಮೂರು ಸಲ ಫೋನ್ ಮಾಡಿದ್ದು, ಪ್ರತಿ ಸಲವೂ ‘ನೋಡ್ತೇವೆ’ ಎಂಬ ಉತ್ತರ ಸಿಕ್ಕಿದೆ. ಹಿಂದಿನ ತಿಂಗಳುಗಳ ಸ್ಪಂದನೆಯ ಅಂಕಿಗಳನ್ನೂ ಇದೇ ಕ್ರಮದಿಂದ ಮರುಪರಿಶೀಲಿಸುವುದು ಸೂಕ್ತ ಎಂಬುದು ನಮ್ಮ ಅಭಿಪ್ರಾಯ.

ಸ್ಪಂದನೆಯ ಎರಡು ಉಲ್ಲಂಘನೆಗಳಿಗೆ ತಲಾ ₹2,500ರಂತೆ ₹5,000. ಸರಿಪಡಿಸುವ ಮಿತಿ ಮೀರಿದ್ದಕ್ಕೆ, ಗಂಟೆ ಅಥವಾ ಅದರ ಭಾಗಕ್ಕೆ ₹1,000ದಂತೆ, ಯಲ್ಲಾಪುರಕ್ಕೆ ₹2,000 ಮತ್ತು ಅಂಕೋಲೆಗೆ ₹1,000. ಎರಡನೆಯ ಶ್ರೇಣಿಯಲ್ಲಿ ತಡವಾದ ಎರಡು ಟಿಕೆಟ್‌ಗಳಿಗೆ ₹1,500. ಸೇವಾದಾರರು ಒಪ್ಪಿರುವುದು ಇದನ್ನೇ. ಮೂರನೆಯ ಶ್ರೇಣಿ ಗುರಿಯೊಳಗಿದೆ. ಈ ಭಾಗದ ಮೊತ್ತ ₹9,500.

ವಸೂಲಿ ಮತ್ತು ಮುಂದಿನ ಕ್ರಮ

ಮೂರೂ ಸೇರಿ ₹19,900, ಅಂದರೆ ಮಾಸಿಕ ಶುಲ್ಕ ₹4,28,000ದ 4.65 ಪ್ರತಿಶತ, 10 ಪ್ರತಿಶತದ ಗರಿಷ್ಠ ಮಿತಿಯಾದ ₹42,800ಕ್ಕಿಂತ ಸಾಕಷ್ಟು ಕೆಳಗೆ. ಒಂದೇ ಅಡಚಣೆಗೆ ಲಭ್ಯತೆಯ ದಂಡವನ್ನೂ ಸ್ಪಂದನೆಯ ದಂಡವನ್ನೂ ವಿಧಿಸಲು ಕರಾರು ಅನುಮತಿಸುತ್ತದೆ.

ಭಾರತೀಯ ಕರಾರು ಕಾಯ್ದೆ 1872ರ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ನಮೂದಿಸಿದ ಮೊತ್ತವು ಗರಿಷ್ಠ ಮಿತಿ ಮಾತ್ರ, ದೊರೆಯುವುದು ಅದರೊಳಗಿನ ಸಮಂಜಸ ಪರಿಹಾರ. ಆದ್ದರಿಂದ ಜುಲೈ 18ರಂದು ಅಂಕೋಲೆಯಲ್ಲಿ ಕೈಬರಹದಲ್ಲಿ ಕೊಟ್ಟು ಸಂಜೆ ಗಣಕಕ್ಕೇರಿಸಿದ 46 ರಸೀದಿಗಳ ಪ್ರತಿಗಳನ್ನೂ, ಅಂದಿನ ಹೆಚ್ಚುವರಿ ಕೆಲಸದ ಭತ್ಯೆಯ ಚೀಟಿಯನ್ನೂ ಕಡತದಲ್ಲಿಟ್ಟಿದ್ದೇವೆ. ಸಿಇಆರ್‌ಟಿ-ಇನ್‌ನ 28 ಏಪ್ರಿಲ್ 2022ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕಾಗಿರುವುದರಿಂದ, ಸಮಯದ ಬಗ್ಗೆ ತಕರಾರು ಬಂದರೆ ಮೂಲ ಲಾಗ್‌ಗಳನ್ನೇ ಕೇಳಬಹುದು.

ಜುಲೈ ಇನ್ವಾಯ್ಸ್ 18 ಪ್ರತಿಶತ ಜಿಎಸ್‌ಟಿ ಸೇರಿ ₹5,05,040. ದಂಡವನ್ನು ಕಳೆದರೆ, ಟಿಡಿಎಸ್‌ಗೆ ಮೊದಲು, ಪಾವತಿಸಬೇಕಾದದ್ದು ₹4,85,140. ಕರಾರು ಉಲ್ಲಂಘನೆಯ ಪರಿಹಾರ ಸೇವೆಯ ಪ್ರತಿಫಲವಲ್ಲ ಎಂದು ಜಿಎಸ್‌ಟಿ ಸುತ್ತೋಲೆ 178/10/2022 (3 ಆಗಸ್ಟ್ 2022) ಹೇಳಿರುವುದರಿಂದ ದಂಡದ ಮೇಲೆ ತೆರಿಗೆ ಸೇರಿಸಿಲ್ಲ. ಇದನ್ನು ಲೆಕ್ಕಪತ್ರ ವಿಭಾಗ ಖಚಿತಪಡಿಸಬೇಕು.

ವರದಿ ಬಂದ 14 ದಿನಗಳೊಳಗೆ, ಅಂದರೆ ಆಗಸ್ಟ್ 18ರೊಳಗೆ, ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಸೇವಾದಾರರ ಅಂಕಿಗಳೇ ಅಂತಿಮವಾಗುತ್ತವೆ. ಪತ್ರದ ಕರಡನ್ನು ಇದರೊಂದಿಗೆ ಲಗತ್ತಿಸಿದೆ. ತಮ್ಮ ಸಹಿ ಆಗಸ್ಟ್ 13ರೊಳಗೆ ದೊರೆತರೆ, ಸ್ವಾತಂತ್ರ್ಯ ದಿನದ ರಜೆಗೆ ಮುಂಚೆ ಅದು ರಿಜಿಸ್ಟರ್ಡ್ ಅಂಚೆಯಲ್ಲೂ ಇಮೇಲ್‌ನಲ್ಲೂ ಹೊರಡುತ್ತದೆ.

ತಮ್ಮ ವಿಶ್ವಾಸಿ,
ಗಣಕ ವಿಭಾಗದ ಮುಖ್ಯಸ್ಥರು