ವಿಷಯ: ನನ್ನ ಪ್ರೊಫೈಲನ್ನು ಅನುವಾದ ವಿಭಾಗದ ಬದಲು ಸರ್ಚ್ ತಂಡಕ್ಕೆ ತಲುಪಿಸಲು ಸಾಧ್ಯವೇ?

ಪ್ರಸಾದ್ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಂಪನಿ ಕನ್ನಡ ಅನುವಾದ ಪರಿಶೀಲಕರ ಹುದ್ದೆಗೆ ಅರ್ಜಿ ಕರೆದಿರುವುದನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿದೆ. ಕನ್ನಡ ಬಲ್ಲವರು, ತಂತ್ರಾಂಶದ ಅನುಭವ ಇರುವವರು ಬೇಕು ಎಂದಿದ್ದಾರೆ. ಎರಡೂ ನನಗೆ ಹೊಂದುತ್ತವೆ. ಆದರೂ ಆ ಹುದ್ದೆಗೆ ಅರ್ಜಿ ಹಾಕುವ ಮನಸ್ಸಿಲ್ಲ. ನಿಮ್ಮಲ್ಲಿ ದಿನಸಿ ಸಾಮಾನು ಹುಡುಕುವ ವ್ಯವಸ್ಥೆಯನ್ನು ನೋಡಿಕೊಳ್ಳುವ ಸರ್ಚ್ ತಂಡ ಬೇರೆಯೇ ಇದೆ ಎಂದು ಕಳೆದ ಸಲ ಸಿಕ್ಕಾಗ ಹೇಳಿದ್ದಿರಿ. ನನ್ನ ಪ್ರೊಫೈಲನ್ನು ಆ ತಂಡದ ಮುಖ್ಯಸ್ಥರಿಗೆ ತಲುಪಿಸುವಿರಾ ಎಂದು ಕೇಳಲು ಈ ಪತ್ರ.

ಅನುವಾದದ ಕೆಲಸವನ್ನು ಕೀಳಾಗಿ ಕಂಡು ಹೀಗೆ ಹೇಳುತ್ತಿಲ್ಲ. ಅದನ್ನು ನನಗಿಂತ ಚೆನ್ನಾಗಿ ಮಾಡುವವರು ಬಹಳ ಮಂದಿ ಇದ್ದಾರೆ. ನಾನು ಇಷ್ಟು ವರ್ಷ ಮಾಡಿರುವುದು ಹುಡುಕಾಟದ ಕೆಲಸ. ನೀವು ಇಲ್ಲಿಂದ ಹೋದ ಮೇಲೆ ನಮ್ಮ ಹಳೆಯ ಪತ್ರಿಕೆಗಳ ಸಂಗ್ರಹದ ಸರ್ಚ್ ಪೂರ್ತಿ ನನ್ನ ಕೈಗೆ ಬಂತು. ‘ಕೆರೆ’ ಎಂದು ಹುಡುಕಿದರೆ ‘ಕೆರೆಯಲ್ಲಿ’, ‘ಕೆರೆಗಳನ್ನು’, ‘ಕೆರೆಯಿಂದ’ ಇರುವ ಸುದ್ದಿಗಳು ಬಾರದೇ ಹೋಗುತ್ತಿದ್ದವು, ನಿಮಗೆ ನೆನಪಿರಬಹುದು. ವಿಭಕ್ತಿ ಪ್ರತ್ಯಯಗಳನ್ನು ಬಿಡಿಸಿ ಮೂಲ ಪದಕ್ಕೆ ಜೋಡಿಸುವ ಭಾಗವನ್ನು ಹೊಸದಾಗಿ ಬರೆದೆ. ಇನ್ನೊಂದು ತೊಡಕು ಕಣ್ಣಿಗೆ ಕಾಣುವಂಥದ್ದೇ ಅಲ್ಲ. ‘ಹೊಳೆ’ ಪದದ ಒತ್ವವನ್ನು ಯೂನಿಕೋಡ್‌ನಲ್ಲಿ `U+0CCA` ಎಂಬ ಒಂದೇ ಸಂಕೇತವಾಗಿಯೂ ಬರೆಯಬಹುದು, `U+0CC6` ಮತ್ತು `U+0CC2` ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಪದಗಳು. ಹಳೆಯ ಕಡತಗಳಲ್ಲಿ ಎರಡೂ ಬಗೆ ಬೆರೆತಿದ್ದವು. ಸೂಚಿಗೆ ಸೇರಿಸುವ ಮೊದಲೇ ಎಲ್ಲವನ್ನೂ ಒಂದು ರೂಪಕ್ಕೆ ತಂದ ಮೇಲೆ, ಇಲ್ಲವೆಂದೇ ಬಿಟ್ಟಿದ್ದ ಎಷ್ಟೋ ಪುಟಗಳು ಸಿಗತೊಡಗಿದವು.

ನಿಮ್ಮ ಆ್ಯಪ್‌ನಲ್ಲಿ ‘ಕೊತ್ತಂಬರಿ’ ಎಂದು ಹುಡುಕಿದರೆ ಸೊಪ್ಪು ಬರುತ್ತದೆ, ‘ಕೊತ್ತುಂಬರಿ’ ಎಂದರೆ ಏನೂ ಬರುವುದಿಲ್ಲ. ‘ತೊಗರಿಬೇಳೆ’ ಸಿಗುತ್ತದೆ, ದೀರ್ಘ ತಪ್ಪಿ ‘ತೊಗರಿಬೆಳೆ’ ಎಂದು ಟೈಪಿಸಿದವರು ಬರಿಗೈಯಲ್ಲಿ ಹಿಂತಿರುಗುತ್ತಾರೆ. `togari bele` ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರ ಪಾಡೂ ಅದೇ. ಅಂಗಡಿಗೆ ಬಂದು ಸರಿಯಾದ ಸಾಮಾನನ್ನೇ ಕೇಳಿದವರಿಗೆ ‘ಇಲ್ಲ’ ಎನ್ನಿಸಿಕೊಂಡು ಹೋಗುವ ಪರಿಸ್ಥಿತಿ ಬರಬಾರದು. ಇದನ್ನು ಸರಿಪಡಿಸುವ ಕಡೆ ಕೂತು ಕೆಲಸ ಮಾಡಬೇಕೆಂಬ ಆಸೆ ನನಗೆ ನಿಜವಾಗಿಯೂ ಇದೆ.

ಪೋರ್ಟಲ್‌ನಲ್ಲಿ ನಾನು ಇನ್ನೂ ಅರ್ಜಿ ಹಾಕಿಲ್ಲ. ಅಭ್ಯರ್ಥಿಯೇ ಮೊದಲು ಅರ್ಜಿ ಹಾಕಿದರೆ ಆಮೇಲೆ ಬಂದ ರೆಫರಲ್ ಅನ್ನು ಹಲವು ಕಂಪನಿಗಳಲ್ಲಿ ಪರಿಗಣಿಸುವುದಿಲ್ಲ. ನಿಮ್ಮಲ್ಲಿ ನಿಯಮ ಹೇಗಿದೆ ಎಂದು ತಿಳಿಸಿದರೆ ಅದರಂತೆ ನಡೆಯುತ್ತೇನೆ. ನೇಮಕಾತಿ ವಿಭಾಗದವರನ್ನು ಬದಿಗಿಟ್ಟು ಹೋಗುವ ಉದ್ದೇಶವಿಲ್ಲ. ಅವರಿಗೂ ತಿಳಿಸಿಯೇ ಕಳಿಸಿ. ಒಂದು ವಿನಂತಿ: ರೆಫರಲ್ ಫಾರಂನಲ್ಲಿ ಅನುವಾದ ಹುದ್ದೆಯ ಸಂಖ್ಯೆಯನ್ನು ನಮೂದಿಸಬೇಡಿ. ನಮೂದಿಸಿದರೆ ಪ್ರೊಫೈಲ್ ನೇರವಾಗಿ ಅಲ್ಲಿಗೇ ಹೋಗಿ ಕೂರುತ್ತದೆ.

ಮುಖ್ಯಸ್ಥರಿಗೆ ಕಳಿಸಲು ಅನುಕೂಲವಾಗಲೆಂದು ನಾಲ್ಕು ಸಾಲು ಬರೆದಿದ್ದೇನೆ:

“ರಶ್ಮಿ ನನ್ನ ಹಿಂದಿನ ಸಹೋದ್ಯೋಗಿ. ಕನ್ನಡ ಪತ್ರಿಕಾ ಸಂಗ್ರಹದ ಸರ್ಚ್ ಅನ್ನು ಎಲಾಸ್ಟಿಕ್‌ಸರ್ಚ್‌ನಲ್ಲಿ ಕಟ್ಟಿ ನಡೆಸುತ್ತಿದ್ದಾರೆ. ಪದರೂಪ ವಿಶ್ಲೇಷಣೆ, ಕಾಗುಣಿತ ವ್ಯತ್ಯಾಸ, ಯೂನಿಕೋಡ್ ಏಕರೂಪಗೊಳಿಸುವಿಕೆಯಲ್ಲಿ ಅನುಭವವಿದೆ. ಈಗ ನಮ್ಮಲ್ಲಿ ಕರೆದಿರುವುದು ಅನುವಾದದ ಹುದ್ದೆ. ಇವರು ನಿಮ್ಮ ತಂಡಕ್ಕೆ ಹೊಂದುತ್ತಾರೆ ಎನ್ನಿಸಿ ಕಳಿಸುತ್ತಿದ್ದೇನೆ.”

ಅವರಿಗೆ ಕನ್ನಡ ಬಾರದಿದ್ದರೆ ಇದರ ಇಂಗ್ಲಿಷ್ ರೂಪ ರೆಸ್ಯೂಮೆಯ ಜೊತೆ ಲಗತ್ತಿನಲ್ಲಿದೆ. ನಾನು ಖರೀದಿ ಆ್ಯಪ್‌ಗಳಲ್ಲಿ ಕೆಲಸ ಮಾಡಿಲ್ಲ. ಒಮ್ಮೆಲೇ ಅಷ್ಟು ಜನ ಹುಡುಕುವ ವ್ಯವಸ್ಥೆಯನ್ನೂ ನಡೆಸಿಲ್ಲ. ಅವರು ಕೇಳಿದರೆ ಇದನ್ನು ಹೇಳಲು ಸಂಕೋಚ ಬೇಡ.

ಆ ತಂಡದಲ್ಲಿ ಸದ್ಯಕ್ಕೆ ಜಾಗವಿಲ್ಲದಿರಬಹುದು, ಅಥವಾ ಹೀಗೆ ಕಳಿಸುವುದು ನಿಮಗೆ ಇರುಸುಮುರುಸು ಎನ್ನಿಸಬಹುದು. ಹಾಗಿದ್ದರೆ ಒಂದೇ ಸಾಲಿನಲ್ಲಿ ತಿಳಿಸಿಬಿಡಿ, ನಾನು ತಪ್ಪು ತಿಳಿಯುವುದಿಲ್ಲ. ಕಳಿಸುವುದಾದರೆ ಮುಂದಿನ ಶುಕ್ರವಾರದೊಳಗೆ ಆದರೆ ಒಳ್ಳೆಯದು. ಇನ್ನೊಂದು ಕಡೆಯ ಸಂದರ್ಶನಕ್ಕೆ ಅಷ್ಟರಲ್ಲಿ ಉತ್ತರ ಕೊಡಬೇಕಿದೆ. ನನ್ನ ನೋಟಿಸ್ ಅವಧಿ 60 ದಿನ. ಬೆಂಗಳೂರಿಗೆ ಬಂದು ನೆಲೆಸಲು ಮನೆಯಲ್ಲಿ ಒಪ್ಪಿಗೆಯಿದೆ. ಸಂಜೆ ಆರರ ನಂತರ ಯಾವಾಗ ಬೇಕಾದರೂ ಫೋನಿಗೆ ಸಿಗುತ್ತೇನೆ.

ವಂದನೆಗಳೊಂದಿಗೆ,
ರಶ್ಮಿ
ಮೈಸೂರು

ಲಗತ್ತು: ರೆಸ್ಯೂಮೆ, ಇಂಗ್ಲಿಷ್ ಟಿಪ್ಪಣಿ