ನಾಲ್ಕು ವರ್ಷದ ಕೈಗೆ ನಾಲ್ಕು ಗೆರೆಯ ಕಾಪಿ ಬೇಡ

ಎಲ್‌ಕೆಜಿ ಮಗು ಒಂದರಿಂದ ನೂರರವರೆಗೆ ಗಡಗಡ ಒಪ್ಪಿಸುತ್ತದೆ. ‘ಏಳು ಹುಣಸೆ ಬೀಜ ಕೊಡು’ ಎಂದರೆ ಕೈಗೆ ಸಿಕ್ಕಷ್ಟು ಕೊಡುತ್ತದೆ. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟೆಂಬುದನ್ನು ತಿಳಿಸುತ್ತದೆ ಎಂದು ಅದಕ್ಕಿನ್ನೂ ಗೊತ್ತಿಲ್ಲ. ಬಾಯಿಪಾಠ ಈ ಕೊರತೆಯನ್ನು ಮುಚ್ಚಿಡುತ್ತದೆ. ಒಂದನೇ ತರಗತಿಯ ಕೂಡುವ ಲೆಕ್ಕದಲ್ಲಿ ಅದು ಬಯಲಾಗುತ್ತದೆ. ಆರು ವರ್ಷದೊಳಗಿನವರಿಗೆ ಬೇಕಾದದ್ದು ಆಟ, ಅದೂ ಟೀಚರ್ ಮೊದಲೇ ಯೋಚಿಸಿಟ್ಟ ಆಟ. ಆಟಿಕೆ ಪೆಟ್ಟಿಗೆ ತೆರೆದಿಟ್ಟು ರಿಜಿಸ್ಟರ್ ಬರೆಯುತ್ತ ಕೂತರೆ ಅದು ಬರೀ ಕಾವಲು.

ಚೆನ್ನೆಮಣೆಯನ್ನೇ ನೋಡಿ. ಏಳೇಳು ಗುಳಿಯ ಪೂರ್ತಿ ಮಣೆ ನಾಲ್ಕು ವರ್ಷದವರಿಗೆ ಭಾರ. ಮೂರು ಗುಳಿಯ ಎರಡು ಸಾಲು, ಗುಳಿಗೆ ಎರಡು ಬೀಜ, ನಾಲ್ಕು ಮಕ್ಕಳ ಗುಂಪು, ಹದಿನೈದು ನಿಮಿಷ ಸಾಕು. ಬಿತ್ತುವ ಮೊದಲೇ ‘ಕೊನೇ ಬೀಜ ಎಲ್ಲಿ ಬೀಳುತ್ತೆ?’ ಎಂದು ಕೇಳಬೇಕು. ಮಕ್ಕಳು ಗುಳಿ ಬಿಡುತ್ತಾರೆ, ಒಂದರ ಬದಲು ಎರಡು ಹಾಕುತ್ತಾರೆ. ಆಗ ತಿದ್ದದೆ, ಮತ್ತೆ ಎಣಿಸಲು ಬಿಡಬೇಕು. ಕೆಲಸ ನಡೆಯುವುದೇ ಅಲ್ಲಿ. (ಮೂರು ವರ್ಷದವರು ಬೀಜ ಬಾಯಿಗೆ ಹಾಕುತ್ತಾರೆ, ಅವರಿಗೆ ಮುಷ್ಟಿಗಾತ್ರದ ಮರದ ತುಂಡುಗಳೇ ಲೇಸು.)

ಬರವಣಿಗೆಗೆ ಬಂದರೆ, ಈ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳೇ ಪೂರ್ತಿ ಬಲಿತಿರುವುದಿಲ್ಲ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದ ಮಗು ಇಡೀ ತೋಳಿನಿಂದ ಬರೆಯುತ್ತದೆ, ಬೇಗ ಸುಸ್ತಾಗುತ್ತದೆ, ತಪ್ಪು ಹಿಡಿತವೇ ರೂಢಿಯಾಗುತ್ತದೆ. ಜೇಡಿಮಣ್ಣು ನಾದುವುದು, ಮಣಿ ಪೋಣಿಸುವುದು, ಬಟಾಣಿ ಸುಲಿಯುವುದು ಬೆರಳನ್ನು ಸಿದ್ಧಮಾಡುತ್ತವೆ.

ಎದುರುವಾದಕ್ಕೂ ತೂಕವಿದೆ. ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ ಮಗುವಿಗೆ ಅಕ್ಷರ ಕಲಿಸುವವರು ಯಾರು? ಶಾಲೆಯೇ ಕಲಿಸಬೇಕು, ನಿಜ. ಆದರೆ ಕಾಪಿ ಬರೆಸಿ ಅಲ್ಲ. ದಿನಕ್ಕೆ ಹತ್ತು ನಿಮಿಷ ದೊಡ್ಡ ಚಿತ್ರಪುಸ್ತಕ ಓದಿ ಹೇಳುವುದು, ‘ಬ-ದ-ನೆ-ಕಾ-ಯಿ’ಗೆ ಐದು ಚಪ್ಪಾಳೆ ತಟ್ಟಿಸುವುದು, ಚೀಲದ ಗೂಟದ ಮೇಲೆ ಅವರವರ ಹೆಸರು ಅಂಟಿಸುವುದು ಅಕ್ಷರಪಾಠವೇ. ಕನ್ನಡ ಓದಲು ಕಲಿಯುವ ಮಕ್ಕಳ ಮೇಲೆ ಸೋನಾಲಿ ನಾಗ್ ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನದಂತೆ ಕನ್ನಡ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಕಾಗುಣಿತ, ಒತ್ತಕ್ಷರ ಇರುವ ಲಿಪಿಗೆ ಅಷ್ಟು ಕಾಲ ಬೇಕೇ ಬೇಕು. ಹೀಗಿರುವಾಗ ಎಲ್‌ಕೆಜಿಯಲ್ಲೇ ವರ್ಣಮಾಲೆ ಮುಗಿಸಿದ್ದು ದೊಡ್ಡ ಮುನ್ನಡೆಯೇನಲ್ಲ. ನ್ಯೂಜಿಲೆಂಡಿನಲ್ಲಿ ಐದಕ್ಕೆ ಓದು ಶುರುಮಾಡಿದವರನ್ನೂ ಏಳಕ್ಕೆ ಶುರುಮಾಡಿದವರನ್ನೂ ಹೋಲಿಸಿದಾಗ, ಹನ್ನೊಂದರ ಹೊತ್ತಿಗೆ ಓದಿನ ಮಟ್ಟದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಅದು ಇಂಗ್ಲಿಷಿನ ಮಾತು. ನಮಗೆ ಹಾಗೇ ಅನ್ವಯಿಸಲಾಗದು, ಆದರೂ ಅವಸರಕ್ಕೆ ಅದು ಆಧಾರ ಕೊಡುವುದಿಲ್ಲ.

3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟಕ್ಕೇ ಒತ್ತು ಕೊಟ್ಟಿದೆ. ತಡೆ ಇರುವುದು ಫೀಸು ಕಟ್ಟುವ ಪೋಷಕರು ನೋಟ್‌ಬುಕ್ಕಿನಲ್ಲಿ ಸಾಕ್ಷಿ ಕೇಳುವುದರಲ್ಲಿ. ಅವರ ಕೇಳಿಕೆಯೂ ತಪ್ಪಲ್ಲ. ಹಾಗಾಗಿ ಪ್ರತಿ ಮಗುವಿಗೊಂದು ಫೈಲ್ ಇಡಬೇಕು: ತಿಂಗಳಿಗೊಂದು ಚಿತ್ರ, ಮಗು ಹೇಳಿದ ಕಥೆಯ ಎರಡು ಸಾಲು, ಯಾವ ಸಂಖ್ಯೆಯವರೆಗೆ ವಸ್ತು ಎಣಿಸಿ ಕೊಟ್ಟಿತೆಂಬ ದಾಖಲೆ. ಯುಕೆಜಿಯ ಕೊನೆಯ ತಿಂಗಳುಗಳಲ್ಲಿ, ಗೆರೆಯಿಲ್ಲದ ಹಾಳೆಯ ಮೇಲೆ, ತನ್ನ ಹೆಸರಿನಿಂದ ಬರವಣಿಗೆ ಶುರುಮಾಡಲಿ.