ತೊಗರಿ ಖರೀದಿ ಕೇಂದ್ರದ ತೇವಾಂಶ ಪರೀಕ್ಷೆ: ತಿದ್ದಿ ಬರೆದ ಪೋಸ್ಟ್

ಮೊದಲು ಹಾಕಿದ್ದ ಪೋಸ್ಟ್:

"ಖರೀದಿ ಕೇಂದ್ರದಾಗ ಕುಂತವರೆಲ್ಲ ಕಳ್ಳರು, ದಲ್ಲಾಳಿಗಳ ಕೈಗೊಂಬಿಗಳು. ಒಣಗಿದ ತೊಗರಿನೂ ಬೇಕಂತಲೇ ಹಸಿ ಅಂತ ಹೇಳಿ ವಾಪಸ್ ಕಳಸ್ತಾರ. ರೈತನ್ನ ಮುಳಗಸ್ಲಿಕ್ಕೇ ಎಲ್ಲರೂ ಕೂಡ್ಯಾರ!"

ಅದರ ಬದಲಿಗೆ ಹಾಕುತ್ತಿರುವ ಪೋಸ್ಟ್:

ಕಲಬುರಗಿ ಜಿಲ್ಲೆಯ ನಮ್ಮ ಭಾಗದ ಖರೀದಿ ಕೇಂದ್ರದಲ್ಲಿ ಈ ವಾರ ಹಲವು ರೈತರ ತೊಗರಿಯನ್ನು ತೇವಾಂಶ ಹೆಚ್ಚಿದೆ ಎಂಬ ಕಾರಣಕ್ಕೆ ಮರಳಿ ಕಳಿಸಲಾಗಿದೆ. 2025–26ನೇ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇದೆ. ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿರುವಾಗ ಮಾಲು ತಿರಸ್ಕೃತವಾದರೆ, ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಎರಡನ್ನೂ ಕೊಟ್ಟು ಬಂದ ರೈತ ಅದನ್ನು ಮನೆಗೆ ಒಯ್ಯಲಾರದೆ ಅದೇ ದಿನ ಸಿಕ್ಕ ದರಕ್ಕೆ ಮಾರಿಬಿಡುತ್ತಾನೆ. ನಮ್ಮ ಆತಂಕ ಇದೇ.

ತೇವಾಂಶಕ್ಕೆ ಮಿತಿ ಹಾಕಿರುವುದು ತಪ್ಪಲ್ಲ. ಶೇಕಡಾ 12ಕ್ಕಿಂತ ಹೆಚ್ಚು ತೇವವಿರುವ ಕಾಳನ್ನು ಚೀಲ ಕಟ್ಟಿ ಗೋದಾಮಿನಲ್ಲಿ ಒಟ್ಟಿದರೆ ಬೂಷ್ಟು ಹಿಡಿಯುತ್ತದೆ, ತೂಕವೂ ಇಳಿಯುತ್ತದೆ. ಆ ನಷ್ಟಕ್ಕೆ ಉತ್ತರ ಕೊಡಬೇಕಾದವರು ಕೇಂದ್ರದ ಸಿಬ್ಬಂದಿಯೇ. ರಾಶಿ ಮಾಡಿದ ಮರುದಿನವೇ, ಇಬ್ಬನಿ ಆರುವ ಮೊದಲೇ ಚೀಲ ತುಂಬಿ ತರುವವರು ನಮ್ಮಲ್ಲೂ ಇದ್ದಾರೆ. ಒಂದೇ ಮಾಪಕ, ಒಂದೇ ಕಾಟಾ ಇಟ್ಟುಕೊಂಡು ಗೇಟಿನಾಚೆಯವರೆಗೆ ನಿಂತ ಸಾಲನ್ನು ಸಂಭಾಳಿಸುವುದು ಸಿಬ್ಬಂದಿಗೂ ಸುಲಭವಲ್ಲ. ಯಾರಾದರೂ ಲಂಚ ಕೇಳಿದ್ದಾರೆ ಎನ್ನಲು ನನ್ನ ಬಳಿ ಪುರಾವೆ ಇಲ್ಲ, ಆದ್ದರಿಂದ ಆ ಮಾತನ್ನು ಇಲ್ಲಿ ಹೇಳುವುದಿಲ್ಲ.

ನಾನು ಕಣ್ಣಾರೆ ಕಂಡದ್ದು ಇಷ್ಟು. ಸಾಲಾಗಿ ಇಟ್ಟ ಚೀಲಗಳಲ್ಲಿ ಅಂಚಿನ ಒಂದಕ್ಕೆ ಮಾತ್ರ ಬೊಂಬು ಚುಚ್ಚಿ ಕಾಳು ತೆಗೆದರು, ಮಾಪಕದ ಅಂಕಿ ರೈತನಿಗೆ ಕಾಣದಂತೆ ಮೇಜಿನ ಆಚೆ ಬದಿಗಿತ್ತು, "ಹಸಿ ಅದ" ಎಂಬ ಬಾಯಿಮಾತಿನ ಹೊರತು ಚೀಟಿ ಕೊಡಲಿಲ್ಲ. ಪರೀಕ್ಷೆ ಸರಿಯಾಗಿಯೇ ನಡೆದಿದ್ದರೂ, ಹೀಗೆ ನಡೆದಾಗ ಅನುಮಾನ ಹುಟ್ಟುವುದು ಸಹಜ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿಸುವುದೇನೆಂದರೆ, ಮೂರ್ನಾಲ್ಕು ಚೀಲಗಳಿಂದ ಮಾದರಿ ತೆಗೆದು ಅಂಕಿಯನ್ನು ರೈತನಿಗೆ ತೋರಿಸಬೇಕು, ತಿರಸ್ಕರಿಸಿದರೆ ಕಾರಣ ಬರೆದ ಚೀಟಿ ಕೊಡಬೇಕು, ಮತ್ತು ಆವರಣದಲ್ಲಿಯೇ ಕಾಳು ಹರವಿ ಒಣಗಿಸಿ ಸಂಜೆಯೊಳಗೆ ಮರುಪರೀಕ್ಷೆ ಮಾಡಿಸಿಕೊಳ್ಳಲು ಅವಕಾಶ ಇರಬೇಕು. ಇವುಗಳಲ್ಲಿ ಚೀಟಿಯೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅದು ಕೈಯಲ್ಲಿದ್ದರೆ ಮಾತ್ರ ಮೇಲಿನವರಿಗೆ ದೂರು ಕೊಡಲು ಆಧಾರ ಸಿಗುತ್ತದೆ. ತೊಗರಿ ಆಮದಿನ ಪ್ರಶ್ನೆಯೂ ನಮ್ಮನ್ನು ಕಾಡುತ್ತಿದೆ, ಆದರೆ ಅದು ಈ ಕೇಂದ್ರದವರ ಕೈಯಲ್ಲಿಲ್ಲ. ಅದನ್ನು ಬೇರೆಯಾಗಿಯೇ ಚರ್ಚಿಸೋಣ.

ಮಾಲು ವಾಪಸಾದವರು ದಿನಾಂಕ, ಚೀಲಗಳ ಸಂಖ್ಯೆ, ಹೇಳಿದ ಕಾರಣ ಇಷ್ಟನ್ನು ಕೆಳಗೆ ಬರೆಯಿರಿ; ಯಾವ ತಕರಾರೂ ಇಲ್ಲದೆ ಮಾಲು ಹಾಕಿ ಬಂದವರೂ ಬರೆಯಿರಿ. ಎಲ್ಲವನ್ನೂ ಕೂಡಿಸಿ ಸೋಮವಾರ ಮನವಿಯ ಜೊತೆಗೆ ಸಲ್ಲಿಸುತ್ತೇವೆ.